ಫಂಡ್ ಮೇಲ್ ಚಿಕ್ಕದಾಗಲಿ, ಎಚ್ಚರಿಕೆ ಸಾಲು ಉಳಿಯಲಿ

ಗ್ರಾಹಕರಿಗೆ ಮ್ಯೂಚುವಲ್ ಫಂಡ್ ಬಗ್ಗೆ ಮೇಲ್ ಕಳಿಸುವ ವಿತರಕರೇ, ಕತ್ತರಿಸುವ ಮೊದಲು ಮುಟ್ಟಬಾರದ ಸಾಲುಗಳಿಗೆ ಹಳದಿ ಬಣ್ಣ ಹಚ್ಚಿ. 'ಮ್ಯೂಚುವಲ್ ಫಂಡ್ ಹೂಡಿಕೆಗಳು ಮಾರುಕಟ್ಟೆ ಅಪಾಯಗಳಿಗೆ ಒಳಪಟ್ಟಿರುತ್ತವೆ, ಯೋಜನೆಗೆ ಸಂಬಂಧಿಸಿದ ಎಲ್ಲಾ ದಾಖಲೆಗಳನ್ನು ಎಚ್ಚರಿಕೆಯಿಂದ ಓದಿ' ಎಂಬುದು ಪೂರ್ತಿ ಇರಬೇಕು. ಬರೀ 'ರಿಸ್ಕ್ ಇದೆ' ಅಂತ ಬರೆದರೆ ಸಾಲದು. ನಿಮ್ಮ ಎಆರ್‌ಎನ್ ಸಂಖ್ಯೆಯೂ ಹಾಗೆಯೇ.

ಹೆಚ್ಚಿನವರು ಎಡವುವುದು ರಿಟರ್ನ್ಸ್ ಅಂಕಿಗಳಲ್ಲಿ. 'ಹಿಂದಿನ ಸಾಧನೆ ಮುಂದೆಯೂ ಉಳಿಯಬಹುದು, ಉಳಿಯದೆಯೂ ಇರಬಹುದು' ಎಂಬ ಸಾಲು ಆ ಅಂಕಿಗಳ ಜೊತೆಗಾರ. ಅಂಕಿ ಉಳಿಸಿ ಸಾಲು ತೆಗೆದರೆ ಅದು ಭರವಸೆಯಂತೆ ಓದಿಸಿಕೊಳ್ಳುತ್ತದೆ. ಜಾಗ ಬೇಕಿದ್ದರೆ ಎರಡನ್ನೂ ತೆಗೆಯಿರಿ.

ಉಳಿದದ್ದಕ್ಕೆ ಮೂರೇ ವಾಕ್ಯ ಸಾಕು: ಏನು ಬದಲಾಗಿದೆ, ಗ್ರಾಹಕರು ಏನು ಮಾಡಬೇಕು, ಯಾವ ದಿನಾಂಕದೊಳಗೆ. ಕಳಿಸುವ ಮುನ್ನ ಹಳದಿ ಸಾಲುಗಳನ್ನು ಮೂಲದೊಂದಿಗೆ ಪದಪದವಾಗಿ ಹೋಲಿಸಿ.