7 ನಿಮಿಷದ ಊಟವನ್ನು 18 ನಿಮಿಷಕ್ಕೆ ಎಳೆದದ್ದು

ತೂಕ ಇಳಿಸಲು ಕ್ಯಾಲೊರಿ ಲೆಕ್ಕ ಬರೆಯುವುದನ್ನು ನಾನು ಮೂರು ಸಲ ಶುರು ಮಾಡಿ ಮೂರು ಸಲವೂ ಬಿಟ್ಟಿದ್ದೇನೆ. ಮೊದಲ ಎರಡು ವಾರ ಎಲ್ಲವನ್ನೂ ತೂಗುತ್ತೇವೆ, ಆಮೇಲೆ ಅಂದಾಜಿಗೆ ಇಳಿಯುತ್ತೇವೆ, ಅಂದಾಜು ಯಾವಾಗಲೂ ನಮ್ಮ ಪರವಾಗಿಯೇ ಬರುತ್ತದೆ. ಅದಕ್ಕೇ ನಾಲ್ಕನೇ ಸಲ ಬೇರೆಯದನ್ನು ಅಳೆದೆ. ರಾತ್ರಿ ಊಟಕ್ಕೆ ಕೂತಾಗ ಟೈಮರ್ ಒತ್ತಿ, ಎದ್ದಾಗ ನಿಲ್ಲಿಸಿದೆ. 7 ನಿಮಿಷ. ಮರುದಿನ 6, ಅದರ ಮರುದಿನ 8. ನಾನು ಗಬಗಬ ತಿನ್ನುವವನು ಅಂತ ಮನೆಯವರು ಹೇಳುತ್ತಲೇ ಇದ್ದರು, ಆದರೆ ಅಂಕಿ ನೋಡಿದ ಮೇಲೆ ವಾದ ಮಾಡುವುದಕ್ಕೆ ಏನೂ ಉಳಿಯಲಿಲ್ಲ.

ಆದರೂ ಮೊದಲು ಕೈ ಹಾಕಿದ್ದು ವೇಗಕ್ಕಲ್ಲ, ತಟ್ಟೆಗೆ. ಅದು ಸುಲಭ ಅಲ್ವಾ, ಒಂದು ಸಲ ಬದಲಾಯಿಸಿದರೆ ಆಯಿತು. 28 ಸೆಂಟಿಮೀಟರ್ ಅಗಲದ ತಟ್ಟೆ ಎತ್ತಿಟ್ಟು 22 ಸೆಂಟಿಮೀಟರಿನದು ತಂದೆ. ಅಗಲ ಆರೇ ಸೆಂಟಿಮೀಟರ್ ಕಮ್ಮಿಯಾದರೂ ಬಡಿಸುವ ಜಾಗ ಸುಮಾರು 38% ಕಮ್ಮಿಯಾಗುತ್ತದೆ, ಹಾಗಾಗಿ ಊಟವೂ ಅಷ್ಟೇ ಕಮ್ಮಿಯಾಗುತ್ತದೆ ಅಂದುಕೊಂಡೆ. ನಾಲ್ಕನೇ ದಿನ ಅನುಮಾನ ಬಂದು ತೂಗಿ ನೋಡಿದೆ. ಹಳೆ ತಟ್ಟೆಯಲ್ಲಿ ತಿನ್ನುತ್ತಿದ್ದದ್ದು ಸುಮಾರು 620 ಗ್ರಾಂ. ಹೊಸ ತಟ್ಟೆಯಲ್ಲಿ ಗೋಪುರದ ಹಾಗೆ ಬಡಿಸಿಕೊಂಡು, ಎರಡನೇ ಸಲವೂ ಹಾಕಿಸಿಕೊಂಡು, 600 ಗ್ರಾಂ. ಅಷ್ಟೇ ವ್ಯತ್ಯಾಸ!

ಚಿಕ್ಕ ತಟ್ಟೆಯ ಹಿಂದಿನ ವಾದ ಕಣ್ಣಿನ ಮೋಸದ್ದು. ಒಂದೇ ಅಳತೆಯ ಚುಕ್ಕೆಯನ್ನು ದೊಡ್ಡ ಉಂಗುರದೊಳಗೆ ಇಟ್ಟರೆ ಸಣ್ಣದಾಗಿ ಕಾಣುತ್ತದೆ, ಅದಕ್ಕೆ ಒತ್ತಿಕೊಂಡಿರುವ ಉಂಗುರದೊಳಗೆ ಇಟ್ಟರೆ ದೊಡ್ಡದಾಗಿ ಕಾಣುತ್ತದೆ. ಬೆಲ್ಜಿಯಂನ ಡೆಲ್‌ಬೂಫ್ ಎಂಬಾತ ಇದನ್ನು 19ನೇ ಶತಮಾನದಲ್ಲೇ ಹೇಳಿದ್ದ. ಕಣ್ಣು ಮೋಸ ಹೋಗುವುದು ನಿಜ, ಆದರೆ ಹೊಟ್ಟೆಯೂ ಹೋಗುತ್ತದೆ ಅನ್ನುವುದಕ್ಕೆ ಪುರಾವೆ ಗಟ್ಟಿಯಿಲ್ಲ. ತಟ್ಟೆ, ಬಟ್ಟಲುಗಳ ಪ್ರಯೋಗಗಳಿಂದ ಹೆಸರು ಮಾಡಿದ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದ ಬ್ರಯಾನ್ ವಾನ್ಸಿಂಕ್ ಅವರ ಹಲವು ಲೇಖನಗಳನ್ನು ಪತ್ರಿಕೆಗಳೇ ಹಿಂದಕ್ಕೆ ಪಡೆದವು, 2018ರಲ್ಲಿ ಒಂದೇ ಸಲಕ್ಕೆ ಆರು. ಬೇರೆಯವರ ಪ್ರಯೋಗಗಳ ಫಲಿತಾಂಶ ಒಂದೇ ಥರ ಇಲ್ಲ. ಗಟ್ಟಿಯಾಗಿ ನಿಂತಿರುವ ಮಾತು ಒಂದು: ಎದುರಿಗೆ ಜಾಸ್ತಿ ಬಡಿಸಿದರೆ ಜಾಸ್ತಿ ತಿನ್ನುತ್ತೇವೆ.

ಅಂದರೆ ಕೆಲಸ ಮಾಡುವುದು ತಟ್ಟೆಯಲ್ಲ, ಬಡಿಸುವಿಕೆ. ನಾನು ತಟ್ಟೆ ಚಿಕ್ಕದನ್ನೇ ಇಟ್ಟುಕೊಂಡೆ, ಆದರೆ ಪಾತ್ರೆಗಳನ್ನು ಊಟದ ಜಾಗಕ್ಕೆ ತರುವುದು ಬಿಟ್ಟೆ. ಒಲೆಯ ಹತ್ತಿರವೇ ಬಡಿಸಿಕೊಂಡು ಬರುವುದು. ಎರಡನೇ ಸಲ ಬೇಕಾದರೆ ಎದ್ದು ಹೋಗಬೇಕು. ಅದೂ ಮೊದಲ ತಟ್ಟೆ ಖಾಲಿಯಾಗಿ ಹತ್ತು ನಿಮಿಷ ಆದ ಮೇಲೆ. ಬೇಡ ಅಂತ ಕಟ್ಟು ಹಾಕಿಕೊಳ್ಳಲಿಲ್ಲ, ಕಾಯುವುದಷ್ಟೇ. ಹತ್ತು ನಿಮಿಷ ಆದ ಮೇಲೆ ಮೂರರಲ್ಲಿ ಎರಡು ಸಲ ಏಳಬೇಕು ಅನ್ನಿಸುತ್ತಲೇ ಇರಲಿಲ್ಲ.

ಈ ಕಾಯುವಿಕೆ ಯಾಕೆ ಫಲಿಸುತ್ತದೆ ಅನ್ನುವುದರಲ್ಲೇ ನಿಧಾನವಾಗಿ ತಿನ್ನುವುದರ ಗುಟ್ಟೂ ಇದೆ. ಹೊಟ್ಟೆ ಹಿಗ್ಗಿದ ಸುದ್ದಿ ನರದ ಮೂಲಕ ಮಿದುಳಿಗೆ ಬೇಗ ಹೋಗುತ್ತದೆ. ಆದರೆ 'ಇನ್ನು ಸಾಕು' ಅನ್ನಿಸುವ ಹಾರ್ಮೋನುಗಳು, ಅಂದರೆ ಸಿಸಿಕೆ, ಜಿಎಲ್‌ಪಿ-1 ಮುಂತಾದವು, ಆಹಾರ ಸಣ್ಣ ಕರುಳಿಗೆ ಇಳಿಯುತ್ತಾ ಹೋದಂತೆ ಏರುತ್ತವೆ. ಅದಕ್ಕೆ ಹೊತ್ತು ಹಿಡಿಯುತ್ತದೆ. ಎಲ್ಲರೂ ಹೇಳುವ 20 ನಿಮಿಷ ಒಂದು ಅಂದಾಜು, ಗಡಿಯಾರದಂತೆ ಕರಾರುವಾಕ್ಕಾದದ್ದಲ್ಲ. ಆದರೂ 7 ನಿಮಿಷಕ್ಕೆ ಊಟ ಮುಗಿಸುವವನಿಗೆ ಆ ಸುದ್ದಿ ತಲುಪುವ ಹೊತ್ತಿಗೆ ತಟ್ಟೆ ಎರಡು ಸಲ ಖಾಲಿಯಾಗಿರುತ್ತದೆ.

ನಿಧಾನ ಮಾಡಲು ಮೊದಲು ಅಗಿಯುವುದನ್ನು ಎಣಿಸಿ ನೋಡಿದೆ, ತುತ್ತಿಗೆ 32 ಸಲ. ಎರಡು ದಿನದಲ್ಲಿ ಸಾಕಾಯಿತು. ಮೆತ್ತಗಿನದು 12ಕ್ಕೇ ಕರಗಿಹೋಗುತ್ತದೆ, ಮಿಕ್ಕ 20 ಸಲ ಸುಮ್ನೆ ಗಾಳಿ ಅಗಿಯಬೇಕು. ಎಣಿಸುವುದರಲ್ಲಿ ರುಚಿಯೂ ಗೊತ್ತಾಗಲಿಲ್ಲ. ಆಮೇಲೆ ನನ್ನನ್ನೇ ಗಮನಿಸಿದಾಗ ತಪ್ಪು ಸಿಕ್ಕಿತು: ಬಾಯಲ್ಲಿ ಒಂದು ತುತ್ತು ಇರುವಾಗಲೇ ಕೈ ಇನ್ನೊಂದನ್ನು ಎತ್ತಿ ಹಿಡಿದಿರುತ್ತಿತ್ತು. ಕಾಯುತ್ತಿರುವ ತುತ್ತು ಬಾಯಲ್ಲಿರುವುದನ್ನು ತಳ್ಳುತ್ತದೆ. ಹಾಗಾಗಿ ಒಂದೇ ನಿಯಮ ಇಟ್ಟುಕೊಂಡೆ. ಬಾಯಿ ಪೂರ್ತಿ ಖಾಲಿಯಾಗುವ ತನಕ ಕೈ ತಟ್ಟೆಗೆ ಹೋಗಬಾರದು.

ಇಷ್ಟರಿಂದಲೇ 13 ನಿಮಿಷಕ್ಕೆ ಬಂದೆ. ಮುಂದಕ್ಕೆ ಹೋಗಲಿಲ್ಲ, ಯಾಕೆಂದರೆ ಐದು ನಿಮಿಷ ಕಳೆದ ಮೇಲೆ ನಿಯಮ ಮರೆತು ಹಳೆ ವೇಗ ತಾನಾಗಿಯೇ ಬಂದುಬಿಡುತ್ತಿತ್ತು. ಅದಕ್ಕೆ ತಟ್ಟೆಯ ನಡುವೆ ಚಮಚದಿಂದ ಒಂದು ಗೆರೆ ಎಳೆದು ಊಟವನ್ನು ಎರಡು ಪಾಲು ಮಾಡಲು ಶುರು ಮಾಡಿದೆ. ಒಂದು ರಾತ್ರಿಯ ಲೆಕ್ಕ ಹೀಗಿತ್ತು. ಕೂರುವಾಗ ಹಸಿವಿಗೆ ಹತ್ತರಲ್ಲಿ 8 ಕೊಟ್ಟೆ. ಮೊದಲ ಪಾಲು ಮುಗಿದಾಗ 9 ನಿಮಿಷ. ಕೈ ನಿಲ್ಲಿಸಿ, ಎರಡು ಗುಟುಕು ನೀರು ಕುಡಿದು ಮತ್ತೆ ಕೇಳಿಕೊಂಡೆ, ಹಸಿವು 5. ಎರಡನೇ ಪಾಲಿನಲ್ಲಿ ಮುಕ್ಕಾಲು ಭಾಗ ಹೋಗುವಷ್ಟರಲ್ಲಿ 18 ನಿಮಿಷ, ಹಸಿವು 2. ಅಲ್ಲಿಗೆ ನಿಲ್ಲಿಸಿ ಉಳಿದದ್ದನ್ನು ಡಬ್ಬಿಗೆ ಹಾಕಿದೆ. ಅವತ್ತು ಹೊಟ್ಟೆಗೆ ಹೋದದ್ದು 410 ಗ್ರಾಂ.

ನಿಲ್ಲಿಸಿದ್ದು ಸರಿಯೋ ತಪ್ಪೋ ಅಂತ ತಿಳಿಯುವುದು ಊಟ ಆದ ಎರಡು ಗಂಟೆಗೆ. ಆಗ ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತಾ ನಿಂತಿದ್ದರೆ ಕಮ್ಮಿ ತಿಂದಿದ್ದೇನೆ ಅಂತಲೇ ಅರ್ಥ, ಮರುದಿನ ಸ್ವಲ್ಪ ಜಾಸ್ತಿ ಬಡಿಸಿಕೊಳ್ಳುತ್ತೇನೆ.

ಇಷ್ಟೆಲ್ಲದರ ನಡುವೆ ಬಿಡಲು ಕಷ್ಟವಾದದ್ದು ಮೊಬೈಲ್. ಅದನ್ನು ನೋಡುತ್ತಾ ತಿಂದರೆ ಆಗ ಜಾಸ್ತಿ ತಿನ್ನುವುದಷ್ಟೇ ಅಲ್ಲ, ಏನು ತಿಂದೆವು ಅನ್ನುವ ನೆನಪೂ ಸರಿಯಾಗಿ ಉಳಿಯುವುದಿಲ್ಲ, ಮುಂದಿನ ಹೊತ್ತಿಗೂ ಜಾಸ್ತಿ ತಿನ್ನುತ್ತೇವೆ. ಇದು ಹಲವು ಪ್ರಯೋಗಗಳಲ್ಲಿ ಕಂಡದ್ದು. ಇಡೀ ಊಟವನ್ನು ಧ್ಯಾನದ ಹಾಗೆ ಮಾಡುವ ತಾಳ್ಮೆ ನನಗಿಲ್ಲ. ಮೊದಲ ನಾಲ್ಕು ತುತ್ತು, ಕೊನೆಯ ನಾಲ್ಕು ತುತ್ತು ಮಾತ್ರ ಗಮನವಿಟ್ಟು ತಿನ್ನುತ್ತೇನೆ, ನಡುವೆ ಮನೆಯವರ ಜೊತೆ ಮಾತು. ಮೊಬೈಲ್ ಬೇರೆ ಕೋಣೆಯಲ್ಲಿ.

ಇದು ಎಲ್ಲಕ್ಕೂ ಆಗಿಬರುವುದಿಲ್ಲ. ಸಿಹಿ ಪಾನೀಯ ಎಷ್ಟು ನಿಧಾನ ಕುಡಿದರೂ ಗಟ್ಟಿ ಆಹಾರದಷ್ಟು ಹೊಟ್ಟೆ ತುಂಬಿದ ಹಾಗಾಗುವುದಿಲ್ಲ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ, ಅದು ತಟ್ಟೆಯಲ್ಲಿ ಜಾಗವನ್ನೇ ಹಿಡಿಯುವುದಿಲ್ಲ, ಚಿಕ್ಕ ತಟ್ಟೆ ಅದನ್ನೇನು ತಡೆದೀತು? ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಕಮ್ಮಿ ಮಾಡುವ ಮುಂಚೆ ವೈದ್ಯರ ಹತ್ತಿರ ಡೋಸ್ ಕೇಳಲೇಬೇಕು, ಇಲ್ಲದಿದ್ದರೆ ರಕ್ತದ ಸಕ್ಕರೆ ತೀರಾ ಇಳಿಯಬಹುದು. ಊಟದ ಜೊತೆ ಮನಸ್ಸಿನ ಜಗಳ ಇದ್ದವರಿಗೆ ಈ ಟೈಮರು, ಅಂಕಿ ಯಾವುದೂ ಬೇಡ.

ಐದು ತಿಂಗಳಲ್ಲಿ ನಾನು ಇಳಿದದ್ದು 4 ಕಿಲೋ, ಅದರಲ್ಲಿ ಮೂರನೇ ತಿಂಗಳು ಪೂರ್ತಿ ಮುಳ್ಳು ಅಲ್ಲಾಡಲಿಲ್ಲ. ಈಗ ಟೈಮರ್ ವಾರಕ್ಕೊಮ್ಮೆ ಮಾತ್ರ ಒತ್ತುತ್ತೇನೆ. ಹೋದ ವಾರ ಇದ್ದಕ್ಕಿದ್ದಂತೆ 9 ನಿಮಿಷ ತೋರಿಸಿತು. ಯಾಕೆ ಅಂತ ಯೋಚಿಸಿದರೆ ಅವತ್ತು ಮಧ್ಯಾಹ್ನ ಕೆಲಸದ ಗಡಿಬಿಡಿಯಲ್ಲಿ ಊಟವನ್ನೇ ಮಾಡಿರಲಿಲ್ಲ. ಹತ್ತಕ್ಕೆ ಹತ್ತು ಹಸಿದು ಕೂತವನಿಗೆ ಯಾವ ನಿಯಮವೂ ನೆನಪಿಗೆ ಬರುವುದಿಲ್ಲ, ಅದಕ್ಕೇ ಈಗ ಮಧ್ಯಾಹ್ನದ ಊಟ ತಪ್ಪಿದ ದಿನ ಸಂಜೆ ಒಂದು ಹಣ್ಣು ತಿಂದೇ ರಾತ್ರಿ ತಟ್ಟೆ ಮುಂದೆ ಕೂರುವುದು.