ಬ್ರೇಕಪ್ ಆದ ಗೆಳತಿಯ ಜೊತೆ ಮಾತಾಡುವುದು ಹೇಗೆ?

ಮೈಸೂರಿನ ಒಂದು ಪಿಜಿಯಲ್ಲಿ ನಾವು ನಾಲ್ವರು ಒಂದೇ ರೂಮಿನಲ್ಲಿದ್ದೆವು. ಒಂದು ಶನಿವಾರ ರಾತ್ರಿ ನಮ್ಮಲ್ಲೊಬ್ಬಳು ಫೋನ್ ಹಿಡಿದುಕೊಂಡು ಟೆರೇಸಿನಿಂದ ಇಳಿದು ಬಂದಳು. ಮಂಚದ ತುದಿಯಲ್ಲಿ ಕೂತಳು. ಐದು ವರ್ಷದ ಪ್ರೀತಿ. ಹುಡುಗನ ಮನೆಯವರು ಬೇರೆ ಕಡೆ ಹೆಣ್ಣು ನೋಡಿ ಒಪ್ಪಿಕೊಂಡಿದ್ದರು. ಅವನೂ ಒಪ್ಪಿದ್ದ. ಅದನ್ನು ಅವಳಿಗೆ ಹೇಳಿದ್ದು ಅವತ್ತು.

ಹತ್ತು ನಿಮಿಷದೊಳಗೆ ನಾವು ಮೂವರೂ ಒಂದೊಂದು ಮಾತು ಹೇಳಿದೆವು. ಒಬ್ಬಳು, "ಒಳ್ಳೇದೇ ಆಯ್ತು ಬಿಡೇ, ಮದುವೆ ಆದ್ಮೇಲೆ ಹೀಗೆ ಮಾಡಿದ್ರೆ?" ಅಂದಳು. ಇನ್ನೊಬ್ಬಳು, "ನಂಗೆ ಮೊದ್ಲಿಂದನೂ ಅವ್ನ ಮೇಲೆ ಡೌಟಿತ್ತು" ಅಂದಳು. ನಾನು, "ಅಯ್ಯೋ ಪಾಪ ಕಣೇ ನೀನು" ಎಂದು ತಲೆ ಸವರಿದೆ. ಅವಳು ಮುಖ ತೊಳೆದುಕೊಂಡು ಬರ್ತೀನಿ ಎಂದು ಎದ್ದು ಹೋದಳು. ಆಮೇಲೆ ಒಂದು ತಿಂಗಳು ಆ ರೂಮಿನಲ್ಲಿ ಆ ವಿಷಯ ಎತ್ತಲಿಲ್ಲ. ಅಳು ಬಂದಾಗ ಟೆರೇಸಿಗೆ ಹೋಗುತ್ತಿದ್ದಳು.

ಮೂವರಿಗೂ ಅವಳೆಂದರೆ ಜೀವ. ಆದರೂ ನಮ್ಮ ಮಾತಿನಿಂದಲೇ ಅವಳು ಬಾಯಿ ಮುಚ್ಚಿಕೊಂಡಳು. ಅದಾದ ಮೇಲೆ ಆಫೀಸಿನಲ್ಲಿ, ನೆಂಟರ ಮನೆಗಳಲ್ಲಿ ಇದೇ ತಪ್ಪನ್ನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಹೋಗಿ ಪಕ್ಕದಲ್ಲಿ ಕೂರಿ

ಇದರಲ್ಲಿ ಕಷ್ಟ ಏನಿಲ್ಲ. ದೂರದ ಊರಿನಲ್ಲಿದ್ದರೆ ಫೋನ್ ಮಾಡಿ, "ಮಾತಾಡ್ತೀಯಾ, ಇಲ್ಲ ನಾನು ಸುಮ್ನೆ ಲೈನಲ್ಲಿ ಇರ್ಲಾ?" ಎಂದು ಕೇಳಿದರೆ ಸಾಕು.

ಹಂತ 2: ಅವಳು ಒಂದು ಮಾತು ಹೇಳಿ ನಿಲ್ಲಿಸಿದಾಗ

ಎಲ್ಲರೂ ಎಡವುವುದು ಇಲ್ಲೇ. ಅವಳ ಮಾತು ನಿಂತ ಮರುಕ್ಷಣ ನಿಮ್ಮ ಬಾಯಿಂದ ಬರುವ ಮೊದಲ ಮಾತು, ಈ ಕಥೆ ಇನ್ನು ಯಾರ ಕೈಯಲ್ಲಿರುತ್ತದೆ ಎನ್ನುವುದನ್ನು ತೀರ್ಮಾನ ಮಾಡಿಬಿಡುತ್ತದೆ.

ಚಾರ್ಲ್ಸ್ ಡರ್ಬರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು 1979ರಲ್ಲಿ ಜನರ ದಿನನಿತ್ಯದ ಮಾತುಕತೆಯ ಬಗ್ಗೆ ಬರೆಯುತ್ತಾ ಎರಡು ಬಗೆಯ ಉತ್ತರಗಳನ್ನು ಗುರುತಿಸಿದರು. ಒಂದು, ಮಾತನ್ನು ನಮ್ಮ ಕಡೆಗೆ ತಿರುಗಿಸಿಕೊಳ್ಳುವ ಉತ್ತರ. ಇನ್ನೊಂದು, ಮಾತನ್ನು ಹೇಳಿದವರ ಹತ್ತಿರವೇ ಬಿಡುವ ಉತ್ತರ. ಓದಿದಾಗ ನನಗೆ ನಮ್ಮ ಪಿಜಿ ರೂಮು ಕಣ್ಣಿಗೆ ಕಟ್ಟಿತು. ಆ ರಾತ್ರಿ ಮೂವರೂ ಮಾತನ್ನು ಅವಳಿಂದ ಕಿತ್ತುಕೊಂಡಿದ್ದೆವು.

ತಿಂಗಳಾದ ಮೇಲೆ ಒಂದು ಸಂಜೆ ನಾನೂ ಟೆರೇಸಿಗೆ ಹೋದೆ. ಏನೂ ಕೇಳದೆ ನೀರಿನ ಟ್ಯಾಂಕಿಗೆ ಒರಗಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಅಂದಳು: "ಬೆಳಗ್ಗೆ ಎದ್ದ ತಕ್ಷಣ ಕೈ ಫೋನಿಗೇ ಹೋಗತ್ತೆ. ಗುಡ್ ಮಾರ್ನಿಂಗ್ ಹಾಕ್ಬೇಕು ಅಂತ."

ನನ್ನ ನಾಲಿಗೆ ತುದಿಗೆ ಬಂದದ್ದು "ನಂಗೂ ಹಾಗೇ ಆಗ್ತಿತ್ತು, ಆರು ತಿಂಗ್ಳು" ಎಂಬ ಮಾತು. ಸಮಾಧಾನದ ಮಾತೇ ಅಲ್ವಾ ಅನ್ನಿಸುತ್ತದೆ. ಆದರೆ ಹಾಗೆಂದಿದ್ದರೆ ಮುಂದಿನ ಅರ್ಧ ಗಂಟೆ ಅವಳು ನನ್ನ ಹಳೆಯ ಕಥೆಗೆ ಹೂಂಗುಟ್ಟಬೇಕಿತ್ತು. ಹಾಗಾಗಿ ಅದನ್ನು ನುಂಗಿಕೊಂಡು, "ಬೆಳಗ್ಗೆನೇ ಜಾಸ್ತಿನಾ?" ಎಂದಷ್ಟೇ ಕೇಳಿದೆ.

"ಇಲ್ಲ. ರಾತ್ರಿ ಜಾಸ್ತಿ. ಬೆಳಗ್ಗೆ ಸಿಟ್ಟು ಬರತ್ತೆ."

"ಅವ್ನ ಮೇಲಾ?"

"ನನ್ನ ಮೇಲೆ. ಐದು ವರ್ಷ ಅಮ್ಮಂಗೆ ಸುಳ್ಳು ಹೇಳಿದ್ನಲ್ಲ."

ಅಮ್ಮನ ವಿಷಯ ಅವಳನ್ನು ಅಷ್ಟು ಕೊರೆಯುತ್ತಿದೆ ಎಂದು ಆ ಒಂದು ತಿಂಗಳಲ್ಲಿ ನಮ್ಮ ಯಾರಿಗೂ ಗೊತ್ತಿರಲಿಲ್ಲ. ನಾವೆಲ್ಲ ಹುಡುಗನ ಬಗ್ಗೆಯೇ ಯೋಚಿಸುತ್ತಿದ್ದೆವು.

ಇಲ್ಲಿ ಮಾಡಬೇಕಾದ್ದು ಇಷ್ಟೇ. ಅವಳ ಕೊನೆಯ ಮಾತಿನಿಂದಲೇ ಒಂದು ಪದ ಎತ್ತಿಕೊಂಡು ಚಿಕ್ಕದಾಗಿ ಕೇಳಿ. ಕೇಳಲು ಏನೂ ಹೊಳೆಯದಿದ್ದರೆ "ಹೂಂ" ಅನ್ನಿ. ಅವಳು ಸುಮ್ಮನಾದರೆ ನೀವೂ ಸುಮ್ಮನಿರಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ತುಂಬಾ ಹೊತ್ತು ಅನ್ನಿಸುತ್ತದೆ, ಆದರೂ ಎಣಿಸಿ. ನಿಜವಾದ ಮಾತು ಹೆಚ್ಚಾಗಿ ಹೊರಬರುವುದು ಆ ಮೌನದ ನಂತರ.

ಸಲಹೆ ಕೆಲವು ಸಲ ಪ್ರಶ್ನೆಯ ವೇಷದಲ್ಲಿ ಬರುತ್ತದೆ. "ನಂಬರ್ ಬ್ಲಾಕ್ ಮಾಡಿದ್ಯಾ?", "ಅಮ್ಮಂಗೆ ಹೇಳಿದ್ಯಾ?", "ಊಟ ಸರಿಯಾಗಿ ಮಾಡ್ತಿದ್ಯಾ?" ಇವು ಕೇಳುವುದಕ್ಕೆ ಪ್ರಶ್ನೆ. ಕೇಳಿಸಿಕೊಂಡವಳಿಗೆ ಮಾತ್ರ ಮಾಡಬೇಕಾದ ಕೆಲಸಗಳ ಪಟ್ಟಿ. ಗುರುತಿಸುವುದು ಸುಲಭ. ನಿಮ್ಮ ಪ್ರಶ್ನೆಗೆ "ಇಲ್ಲ" ಎಂದರೆ ಅವಳು ತಪ್ಪಿತಸ್ಥೆ ಆಗುತ್ತಾಳಾ? ಹಾಗಿದ್ದರೆ ಅದು ಸಲಹೆಯೇ. ಕೇಳಬೇಡಿ.

ಅವಳೇ "ನಾನೇನೇ ತಪ್ಪು ಮಾಡ್ದೆ?" ಎಂದು ಕೇಳಿದರೆ? ಅದು ಉತ್ತರ ಬೇಕೆಂದು ಕೇಳಿದ್ದಲ್ಲ, ನೋವು ಹಾಗೆ ಹೊರಗೆ ಬಂದಿದೆ ಅಷ್ಟೆ. "ಅದೇ ಯೋಚನೆ ಸುತ್ತುತ್ತಿದ್ಯಾ?" ಅನ್ನಿ, ಸಾಕು. ನಿಜವಾಗಿ ಸಲಹೆ ಕೇಳುವ ಪ್ರಶ್ನೆಯಲ್ಲಿ ಒಂದು ಕೆಲಸ, ಒಂದು ದಿನ ಇರುತ್ತದೆ: "ಭಾನುವಾರ ಅವ್ನು ಸಿಗ್ತೀನಿ ಅಂತಿದಾನೆ, ಹೋಗ್ಲಾ ಬೇಡ್ವಾ?" ಆಗಲೂ ಮೊದಲು "ನಿನ್ನ ಮನಸ್ಸಲ್ಲಿ ಏನಿದೆ?" ಎಂದು ಕೇಳಿ. ಆಮೇಲೂ ನಿಮ್ಮ ಅಭಿಪ್ರಾಯ ಬೇಕೆಂದರೆ ಒಂದೇ ಸಲ, ಒಂದೇ ವಾಕ್ಯದಲ್ಲಿ ಹೇಳಿ. ಅವಳು ಅದನ್ನು ಬಿಟ್ಟು ಬೇರೆ ಮಾಡಿದರೂ "ನಾನು ಹೇಳಿದ್ದೆ" ಅನ್ನುವ ಮಾತು ಎಂದೂ ಬರಬಾರದು.

ಹುಡುಗನನ್ನು ಬೈಯುವುದೂ ಬೇಡ. ಅವಳು ಬೈದರೆ ಕೇಳಿ, ನೀವು ಒಂದು ಕೈ ಜಾಸ್ತಿ ಹಾಕಬೇಡಿ. ನೀವು ಬೈದರೆ ಅವಳು ಅವನ ಪರವಾಗಿ ಮಾತಾಡಬೇಕಾಗುತ್ತದೆ. ಮುಂದೆ ಇಬ್ಬರೂ ಮತ್ತೆ ಮಾತಾಡತೊಡಗಿದರೆ ಅದನ್ನು ಅವಳು ನಿಮ್ಮಿಂದಲೇ ಮುಚ್ಚಿಡುತ್ತಾಳೆ.

ಗೆಳೆಯನಾದರೂ ಕ್ರಮ ಇದೇ. ಆದರೆ ಎಷ್ಟೋ ಗಂಡುಮಕ್ಕಳು ಎದುರುಬದುರು ಕೂತು ಬಾಯಿ ಬಿಡುವುದಿಲ್ಲ. ಬೈಕಿನ ಹಿಂದೆ ಕೂತಾಗ, ಟೀ ಅಂಗಡಿ ಮುಂದೆ ರಸ್ತೆ ನೋಡುತ್ತಾ ನಿಂತಾಗ ಹೇಳುತ್ತಾರೆ. ದಯವಿಟ್ಟು ಬಾರಿಗೆ ಕರೆದುಕೊಂಡು ಹೋಗಬೇಡಿ. ಕುಡಿದು ಮಧ್ಯರಾತ್ರಿ ಆ ಹುಡುಗಿಗೆ ಮೆಸೇಜು ಹಾಕಿ, ಬೆಳಗ್ಗೆ ತಲೆ ಚಚ್ಚಿಕೊಂಡವರನ್ನು ನೋಡಿದ್ದೇನೆ.

ಹಂತ 3: 'ಪಾಪ' ಅನ್ನುವುದನ್ನು ಬಿಡಿ

ಆಮೇಲೊಂದು ದಿನ ಅವಳೇ ಹೇಳಿದಳು: "ನೀನು ಪಾಪ ಅಂದಾಗ ನಾನು ಬೀದಿಗೆ ಬಿದ್ದೋಳ ಥರ ಅನ್ನಿಸ್ತು ಕಣೇ." ನನಗೆ ಇವತ್ತಿಗೂ ಆ ಮಾತು ಚುಚ್ಚುತ್ತದೆ.

ಕನಿಕರ ಬರೀ ಮಾತಿನಲ್ಲಿ ಇರುವುದಿಲ್ಲ. ನಾಲಿಗೆ ಲೊಚಗುಟ್ಟುವುದರಲ್ಲಿ, ರೋಗಿಯ ಹತ್ತಿರ ಮಾತಾಡುವಂತೆ ದನಿ ತಗ್ಗಿಸುವುದರಲ್ಲಿ, ಅವಳು ಒಳಗೆ ಬಂದಾಗ ನಗು ನಿಲ್ಲಿಸುವುದರಲ್ಲಿ ಇರುತ್ತದೆ. ನಿಮ್ಮ ಮಾಮೂಲಿ ದನಿಯಲ್ಲೇ ಮಾತಾಡಿ.

ಸಹಾಯ ಮಾಡುವಾಗಲೂ ಅಷ್ಟೆ. ನ್ಯೂಯಾರ್ಕಿನಲ್ಲಿ ವಕೀಲರ ಪರೀಕ್ಷೆಗೆ ಓದುತ್ತಿದ್ದವರು ಮತ್ತು ಅವರ ಸಂಗಾತಿಗಳು ಪ್ರತಿದಿನ ಬರೆದ ಡೈರಿಗಳನ್ನು ಇಟ್ಟುಕೊಂಡು ನಿಯಾಲ್ ಬೋಲ್ಜರ್ ಎಂಬ ಮನಶ್ಶಾಸ್ತ್ರಜ್ಞರು ಮತ್ತು ಜೊತೆಗಾರರು ಒಂದು ಅಧ್ಯಯನ ಮಾಡಿ 2000ದಲ್ಲಿ ಪ್ರಕಟಿಸಿದರು. ಹೆಚ್ಚು ಉಪಯೋಗಕ್ಕೆ ಬಂದದ್ದು, ಸಂಗಾತಿ ಮಾಡಿದ ಆದರೆ ಓದುತ್ತಿದ್ದವರ ಗಮನಕ್ಕೇ ಬಾರದ ಸಹಾಯ. "ನಿನಗೆ ಸಹಾಯ ಮಾಡುತ್ತಿದ್ದೇನೆ" ಎಂದು ಎದ್ದು ಕಾಣುವ ಸಹಾಯ, ತನ್ನ ಕೈಲಿ ಆಗುತ್ತಿಲ್ಲ ಎನ್ನುವುದನ್ನೂ ನೆನಪಿಸಿಬಿಡುತ್ತದೆ.

ನಮ್ಮ ಪಿಜಿಯಲ್ಲಿ ರಾತ್ರಿ ಒಂಬತ್ತೂವರೆಗೆ ಊಟ ಮುಗಿಯುತ್ತಿತ್ತು. ಅವಳು ಕೆಳಗೆ ಬರುತ್ತಿರಲಿಲ್ಲ. ನಾನು ಎರಡು ತಟ್ಟೆ ಹಾಕಿಸಿಕೊಂಡು ಹೋಗಿ, ಒಂದನ್ನು ಅವಳ ಟೇಬಲ್ ಮೇಲಿಟ್ಟು ನನ್ನ ಪಾಡಿಗೆ ಊಟ ಮಾಡುತ್ತಿದ್ದೆ. "ತಿನ್ನು" ಅನ್ನಲಿಲ್ಲ. ಕೆಲವು ದಿನ ತಿಂದಳು, ಕೆಲವು ದಿನ ಇಲ್ಲ. ಅದೇ ಹೊತ್ತಿನಲ್ಲಿ ನನ್ನ ಸೀರೆಗೆ ಫಾಲ್ಸ್ ಹಾಕಿಕೊಡು ಎಂದು ಕೇಳಿದೆ. ಅವಳ ಕೈ ಹೊಲಿಗೆ ಚೆನ್ನಾಗಿತ್ತು, ನನಗೆ ನಿಜವಾಗಿಯೂ ಬೇಕಿತ್ತು. ಹೀಗೆ ನೀವೂ ಅವಳಿಂದ ಏನಾದರೂ ಪಡೆಯಿರಿ. ಆದರೆ "ಏನಾದ್ರೂ ಬೇಕಿದ್ರೆ ಹೇಳು" ಎಂದು ಮಾತ್ರ ಹೇಳಿ ಹೋಗಬೇಡಿ. ಏನು ಬೇಕೆಂದು ಯೋಚಿಸಿ, ಸಂಕೋಚ ಬಿಟ್ಟು ಕೇಳುವ ಕೆಲಸವನ್ನೂ ಅದು ಅವಳ ತಲೆಗೇ ಕಟ್ಟುತ್ತದೆ.

ಹಂತ 4: ಫೋಟೊ, ಗಿಫ್ಟು, ಫೋನು

ಅವಳು ಕೇಳುವವರೆಗೂ ಮುಟ್ಟಬೇಡಿ. ಕೇಳಿದರೂ ಡಿಲೀಟ್ ಮಾಡುವ ಬದಲು ಒಂದು ಡಬ್ಬದಲ್ಲಿ ಹಾಕಿ, ಟೇಪ್ ಸುತ್ತಿ ಅಟ್ಟದ ಮೇಲಿಡುವುದು ವಾಸಿ. ಅವನ ಇನ್‌ಸ್ಟಾಗ್ರಾಮ್ ನೋಡಿ ಸುದ್ದಿ ತಂದುಕೊಡುವ ಕೆಲಸ ನಿಮ್ಮದಲ್ಲ.

ಅಡ್ಡದಾರಿಗಳ ಬಗ್ಗೆಯೂ ಹೇಳಬೇಕು. ಗೋಡೆಗಳ ಮೇಲೆ, ಬಸ್ಸುಗಳಲ್ಲಿ 'ಸ್ತ್ರೀ ಪುರುಷ ವಶೀಕರಣ' ಎಂದು ನಂಬರ್ ಅಂಟಿಸಿರುತ್ತಾರಲ್ಲ, ಅಂಥದ್ದೊಂದನ್ನು ಯಾರೋ ನನ್ನ ಗೆಳತಿಗೂ ಕೊಟ್ಟಿದ್ದರು. ಮೊದಲು ಪೂಜೆಗೆ 1,100 ರೂಪಾಯಿ, ಹುಡುಗನ ಫೋಟೊ ಕೇಳಿದರು. ಮೂರು ದಿನ ಬಿಟ್ಟು ದೋಷ ದೊಡ್ಡದು, ಇನ್ನೂ 5,100 ಆಗುತ್ತದೆ ಎಂದರು. ಅಲ್ಲಿಗೆ ನಿಲ್ಲಿಸಿದಳು, ಪುಣ್ಯ. ಅವಳ ಫೋನಿಗೆ ಡೇಟಿಂಗ್ ಆ್ಯಪ್ ಹಾಕಿಕೊಡುವುದು, ದಿನಾ 'ಮೂವ್ ಆನ್' ಕೋಟ್ ಫಾರ್ವರ್ಡ್ ಮಾಡುವುದು ಇವೂ ಬೇಡ.

ಹಂತ 5: ಅದೇ ಕಥೆ ಸುತ್ತತೊಡಗಿದರೆ

ಕೇಳುವುದಕ್ಕೂ ಒಂದು ಮಿತಿ ಇದೆ. ಅಮೆರಿಕದ ಅಮಂಡಾ ರೋಸ್ ಎಂಬ ಸಂಶೋಧಕಿ ಶಾಲಾ ಮಕ್ಕಳ ಸ್ನೇಹವನ್ನು ಅಧ್ಯಯನ ಮಾಡಿ 2002ರಲ್ಲಿ ಒಂದು ವಿಷಯ ತೋರಿಸಿದರು. ಒಂದೇ ಸಮಸ್ಯೆಯನ್ನು ಮತ್ತೆ ಮತ್ತೆ ಕೆದಕಿ ಮಾತಾಡುವ ಗೆಳೆಯರ ನಡುವೆ ಸ್ನೇಹ ಗಟ್ಟಿ. ಜೊತೆಗೇ ಬೇಸರ, ಆತಂಕವೂ ಜಾಸ್ತಿ.

ಗುರುತು ಹೀಗೆ. ಪ್ರತಿ ಸಲ ಏನಾದರೂ ಹೊಸದು ಸೇರುತ್ತಿದ್ದರೆ, ಅಮ್ಮನ ವಿಷಯ ಬಂತಲ್ಲ ಹಾಗೆ, ಕೇಳುತ್ತಿರಿ. ಅದೇ ಸ್ಕ್ರೀನ್‌ಶಾಟ್, ಅದೇ ಪದ, ಅದೇ "ಅವ್ನು ಯಾಕೆ ಹಾಗಂದ?" ಆಗಿದ್ದರೆ ಮಾತಿಗೆ ಕಾಲು ಕೊಡಿ. "ನಡೀತಾ ಮಾತಾಡೋಣ ಬಾ" ಎಂದು ಕರೆದುಕೊಂಡು ಹೋಗಿ. ನಾವು ಕುಕ್ಕರಹಳ್ಳಿ ಕೆರೆಗೆ ಹೋಗುತ್ತಿದ್ದೆವು. ಸುತ್ತು ಮುಗಿದರೆ ಅವತ್ತಿನ ಮಾತೂ ಮುಗಿಯುತ್ತಿತ್ತು. ಮಾತು ನಿಲ್ಲಿಸು ಎಂದು ಯಾರೂ ಹೇಳಬೇಕಾಗಲಿಲ್ಲ.

ಸುಮ್ಮನಿರಬಾರದ ಹೊತ್ತು

"ನಾನಿದ್ದು ಏನು ಪ್ರಯೋಜನ" ಅನ್ನುವುದು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಎರಡು ವಾರವಾದರೂ ನಿದ್ದೆ ಊಟ ಹತ್ತಿರ ಸುಳಿಯದಿರುವುದು. ಇಂಥದ್ದು ಕಂಡರೆ ಮೇಲೆ ಹೇಳಿದ ನಿಯಮವೆಲ್ಲ ಬದಿಗಿಡಿ. "ಸಾಯೋ ಯೋಚನೆ ಬರ್ತಿದ್ಯಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬ ಭಯ ಬೇಡ. ಹೌದು ಅಂದರೆ ಒಬ್ಬಳನ್ನೇ ಬಿಡಬೇಡಿ, ಮನೆಯವರಿಗೆ ತಿಳಿಸಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಸಿಗುತ್ತದೆ. ಕನ್ನಡದಲ್ಲೇ ಮಾತಾಡಬಹುದು, ಉಚಿತ. ಬೇಕಿದ್ದರೆ ಗೆಳತಿಯ ಪರವಾಗಿ ನೀವೇ ಕರೆ ಮಾಡಿ ಕೇಳಬಹುದು.

ಹಂತ 6: ತಾರೀಖು ಬರೆದಿಟ್ಟುಕೊಳ್ಳಿ

ಮೊದಲ ವಾರ ಎಲ್ಲರೂ ಬರುತ್ತಾರೆ. ಮೂರನೇ ವಾರಕ್ಕೆ ಯಾರೂ ಇರುವುದಿಲ್ಲ. ಅವಳ ಹುಟ್ಟುಹಬ್ಬ, ಅವರಿಬ್ಬರೂ ಭೇಟಿಯಾದ ದಿನ, ಅವನ ಮದುವೆಯ ದಿನ, ಇವುಗಳನ್ನು ನಿಮ್ಮ ಫೋನಿನಲ್ಲಿ ಗುರುತು ಹಾಕಿಕೊಳ್ಳಿ. ಆ ದಿನ "ಹೇಗಿದ್ಯಾ?" ಎಂದು ಮೆಸೇಜು ಮಾಡಬೇಡಿ. ಅದಕ್ಕೆ "ಚೆನ್ನಾಗಿದೀನಿ" ಬಿಟ್ಟು ಬೇರೆ ಉತ್ತರ ಇಲ್ಲ. ಹೊತ್ತು, ಜಾಗ ಹೇಳಿ.

ಅವನ ಮದುವೆಯ ದಿನ ನಾನು ಕಳಿಸಿದ್ದು: "ಸಂಜೆ ಆರಕ್ಕೆ ಗೇಟ್ ಹತ್ರ ಇರ್ತೀನಿ. ಮಸಾಲೆ ದೋಸೆ ತಿನ್ನೋಣ." ಬಂದಳು. ದೋಸೆ ಅರ್ಧ ಮುಗಿಯುವವರೆಗೂ ಆಫೀಸಿನ ಸುದ್ದಿ ಹೇಳುತ್ತಿದ್ದಳು. ಆಮೇಲೆ ತಲೆ ಎತ್ತದೆ, "ಇವತ್ತು ಅಂತ ಗೊತ್ತಿತ್ತಾ?" ಅಂದಳು.

"ಗೊತ್ತಿತ್ತು" ಅಂದೆ. ಮನಸ್ಸಿನಲ್ಲೇ ಎಣಿಸತೊಡಗಿದೆ. ಏಳು ಆಗುವಷ್ಟರಲ್ಲಿ ಅವಳು ಮಾತು ಶುರು ಮಾಡಿದಳು.