ಸಕ್ಕರೆ ನೀರಲ್ಲೂ ಲೈಟ್ ಹತ್ತಿದ ದಿನ

ಗದಗ ಹತ್ತಿರದ ಹಳ್ಳಿಯೊಂದರಲ್ಲಿ ನಾನು ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳುತ್ತೇನೆ. ಅಯಾನಿಕ ಬಂಧ, ಸಹವೇಲೆನ್ಸಿಯ ಬಂಧದ ಪಾಠಕ್ಕೆ ಉಪ್ಪು, ಸಕ್ಕರೆ ತಂದೆ. ಒಂಬತ್ತು ವೋಲ್ಟಿನ ಬ್ಯಾಟರಿ, ಒಂದು ಎಲ್‌ಇಡಿ, ಅದು ಸುಡದಂತೆ 470 ಓಮ್‌ನ ರೆಸಿಸ್ಟರ್, ಹಳೇ ಸೆಲ್ ಒಡೆದು ತೆಗೆದ ಎರಡು ಕಾರ್ಬನ್ ಕಡ್ಡಿ. ಇಷ್ಟೇ ಸಾಮಾನು.

ಮೊದಲು ಸಕ್ಕರೆ ನೀರಲ್ಲಿ ಕಡ್ಡಿ ಅದ್ದಿದೆ. ಲೈಟ್ ಮಂಕಾಗಿ ಹತ್ತಿತು! "ಸರ್, ಸಕ್ರಿ ನೀರಾಗೂ ಹತ್ತೇತ್ರಿ!" ಎಂದು ಹಿಂದಿನ ಬೆಂಚಿನ ಹುಡುಗಿ ಕೂಗಿದಳು. ನಾನು ಹತ್ತಲ್ಲ ಅಂತ ಆಗಲೇ ಹೇಳಿಬಿಟ್ಟಿದ್ದೆ.

ತಪ್ಪು ಸಕ್ಕರೆಯದಲ್ಲ, ನೀರಿನದು. ನಾನು ಹಾಕಿದ್ದು ಬೋರ್ ನೀರು. ಕೊಡದ ತಳಕ್ಕೆ ಬಿಳಿ ಪದರ ಕಟ್ಟುತ್ತದಲ್ಲ, ಅಂಥ ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು, ಅಂದರೆ ವಿದ್ಯುದಾವೇಶ ಇರುವ ಕಣಗಳು, ಮೊದಲೇ ಇರುತ್ತವೆ. ನೀರಲ್ಲಿ ಕರೆಂಟ್ ಹೊರುವುದು ಇಂಥ ಅಯಾನುಗಳೇ. ಮರುದಿನ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದೆ. ಲೋಟ, ಕಡ್ಡಿ ಎರಡನ್ನೂ ಅದರಲ್ಲೇ ತೊಳೆದೆ. ಈಗ ಮೊದಲು ಬರೀ ನೀರನ್ನೇ ಪರೀಕ್ಷೆ ಮಾಡುತ್ತೇನೆ. ಅದರಲ್ಲಿ ಲೈಟ್ ಹತ್ತಿದರೆ ಮುಂದಿನದೆಲ್ಲ ಸುಮ್ನೆ ದಂಡ.

ನೂರು ಎಂಎಲ್ ನೀರಿಗೆ ಒಂದು ಚಮಚ ಸಕ್ಕರೆ ಕರಗಿಸಿದೆ. ಲೈಟ್ ಹತ್ತಲಿಲ್ಲ. ಇನ್ನೊಂದು ಲೋಟದಲ್ಲಿ ಅಷ್ಟೇ ಉಪ್ಪು ಹಾಕಿದೆ. ಪ್ರಖರವಾಗಿ ಹತ್ತಿತು, ಕಡ್ಡಿಗಳ ಸುತ್ತ ಗುಳ್ಳೆ ಎದ್ದವು. ಒಂದು ಕಡ್ಡಿಯ ಹತ್ತಿರ ಕ್ಲೋರಿನ್ ವಾಸನೆ ಬರುತ್ತದೆ, ಅದಕ್ಕೆ ಕಿಟಕಿ ತೆಗೆದು ಕೆಲವೇ ಸೆಕೆಂಡು ಮಾತ್ರ ಅದ್ದಬೇಕು. ಆಮೇಲೆ ಒಣ ಉಪ್ಪಿನ ರಾಶಿಗೇ ಕಡ್ಡಿ ಚುಚ್ಚಿದೆ. ಲೈಟ್ ಹತ್ತಲೇ ಇಲ್ಲ.

ಉಪ್ಪಿನಲ್ಲಿ ಸೋಡಿಯಂ ತನ್ನ ಒಂದು ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಕೊಟ್ಟುಬಿಟ್ಟಿದೆ. ಒಂದು ಧನ ಅಯಾನು, ಇನ್ನೊಂದು ಋಣ ಅಯಾನು, ಆ ಸೆಳೆತವೇ ಅಯಾನಿಕ ಬಂಧ. ಒಣ ಹರಳಿನಲ್ಲೂ ಅಯಾನುಗಳಿವೆ, ಆದರೆ ಜಾಗ ಬಿಟ್ಟು ಅಲ್ಲಾಡಲಾರವು. ನೀರು ಅವುಗಳನ್ನು ಬಿಡಿಸುತ್ತದೆ, ಓಡಾಡಲು ಬಿಡುತ್ತದೆ. ಸಕ್ಕರೆಯ ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡಿವೆ, ಅದೇ ಸಹವೇಲೆನ್ಸಿಯ ಬಂಧ. ಕರಗಿದಾಗ ಅಣುಗಳು ಒಂದರಿಂದೊಂದು ದೂರವಾಗುತ್ತವೆ, ಆದರೆ ಪ್ರತಿ ಅಣುವೂ ಇಡಿಯಾಗಿಯೇ ಉಳಿಯುತ್ತದೆ. ಕರೆಂಟ್ ಹೊರಲು ಅಯಾನೇ ಇಲ್ಲ.

ಕೊನೆಗೆ ಒಲೆ. ಎರಡು ಕಬ್ಬಿಣದ ಸೌಟಿನಲ್ಲಿ ಎರಡನ್ನೂ ಕಾಯಿಸಿದೆ. ಉಪ್ಪು ಚಟಪಟ ಸಿಡಿಯಿತು, ಕರಗಲಿಲ್ಲ. ಅದಕ್ಕೆ 801 ಡಿಗ್ರಿ ಸೆಲ್ಸಿಯಸ್ ಬೇಕು. ಸಕ್ಕರೆ ಸುಮಾರು 186ಕ್ಕೇ ಕರಗಿ ಕೆಂಪಾಯಿತು. "ಅಂದ್ರ ಸಹವೇಲೆನ್ಸಿಯ ಬಂಧ ಬಾಳ ಸಡ್ಲ ಏನ್ರಿ ಸರ್?" ಎಂದ ಒಬ್ಬ ಹುಡುಗ. ಎಷ್ಟೋ ಮಕ್ಕಳು ಎಡವುವುದು ಇಲ್ಲೇ. ಸಡಿಲ ಇರುವುದು ಅಣು ಅಣುಗಳ ನಡುವಿನ ಹಿಡಿತ. ಅಣುವಿನೊಳಗಿನ ಬಂಧ ಗಟ್ಟಿಯೇ. ವಜ್ರದಲ್ಲಿ ಇರುವುದೂ ಸಹವೇಲೆನ್ಸಿಯ ಬಂಧವೇ ಅಲ್ವಾ?

ಸೌಟನ್ನು ಉರಿಯ ಮೇಲೇ ಬಿಟ್ಟೆ. ಸಕ್ಕರೆ ಕೆಂಪಿನಿಂದ ಕಂದಾಯಿತು, ಹೊಗೆ ಎದ್ದಿತು, ಕಪ್ಪಗೆ ಉಬ್ಬಿತು. ತಣ್ಣಗಾದ ಮೇಲೆ ಆ ಇದ್ದಿಲನ್ನು ನೀರಿಗೆ ಹಾಕಿ ಕಲಕಿದೆವು. ಅದು ಕರಗಲೂ ಇಲ್ಲ, ಸಿಹಿ ಸಕ್ಕರೆಯಾಗಿ ತಿರುಗಿ ಬರಲೂ ಇಲ್ಲ. ಸಹವೇಲೆನ್ಸಿಯ ಬಂಧ ಮುರಿದದ್ದು ಕೆಂಪಾಗಿ, ಕಂದಾಗಿ, ಕಪ್ಪಾಗುವಾಗ ಎಂದು ಆ ಹುಡುಗನಿಗೆ ಸೌಟನ್ನೇ ತೋರಿಸಿ ಹೇಳಿದೆ.